ಲಸ್ಸಿಯಲ್ಲಿ ನೀರು ತಳಕ್ಕೆ, ಮಜ್ಜಿಗೆಯಲ್ಲಿ ನೀರು ಮೇಲಕ್ಕೆ: ಏಕೆ?

ಪ್ರಶ್ನೆ: ರಾಮನವಮಿಗೆ ನಮ್ಮ ಬೀದಿಯ ದೇವಸ್ಥಾನದಲ್ಲಿ 20 ಲೀಟರ್ ಮಸಾಲೆ ಮಜ್ಜಿಗೆ ಮಾಡಿ, ತಳದಲ್ಲಿ ನಲ್ಲಿಯಿರುವ ಸ್ಟೀಲ್ ಡ್ರಮ್ಮಿನಲ್ಲಿಟ್ಟು ಹಂಚುತ್ತೇವೆ. ಅರ್ಧ ಗಂಟೆಯಲ್ಲೇ ಮೇಲೆ ತಿಳಿನೀರು ನಿಂತು, ಬಿಳಿಯದೆಲ್ಲ ಕೆಳಗೆ ಇಳಿದುಬಿಡುತ್ತದೆ. ಮನೆಯಲ್ಲಿ ಮಿಕ್ಸಿಗೆ ಹಾಕಿ ಮಾಡುವ ಸಿಹಿ ಲಸ್ಸಿಯದು ಇದಕ್ಕೆ ತದ್ವಿರುದ್ಧ. ಮಾಡಿದಾಗ ಗಟ್ಟಿಯಾಗಿರುತ್ತದೆ, ಎರಡು ಗಂಟೆ ಬಿಟ್ಟು ನೋಡಿದರೆ ಲೋಟದ ತಳದಲ್ಲಿ ಹಸಿರು ಛಾಯೆಯ ನೀರು. ಮೊಸರು ಕೆಟ್ಟಿದೆಯೇ? ಬೇರೆಯಾಗದಂತೆ ಮಾಡುವುದು ಹೇಗೆ?
– ಓದುಗರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಮೊಸರು ಕೆಟ್ಟಿಲ್ಲ. ನೀರಿನ ಹಸಿರು ಛಾಯೆಯೂ ಹಾಲಿನದೇ. ಹಾಲಿನಲ್ಲಿ ಸಹಜವಾಗಿರುವ ರೈಬೋಫ್ಲೇವಿನ್ ಎಂಬ ಬಿ2 ಜೀವಸತ್ವದಿಂದ ಮೊಸರಿನ ತಿಳಿನೀರಿಗೆ ಆ ಬಣ್ಣ ಬರುತ್ತದೆ. ನೀರು ಒಂದರಲ್ಲಿ ಮೇಲೂ ಇನ್ನೊಂದರಲ್ಲಿ ಕೆಳಗೂ ನಿಂತಿದೆ ಎಂದು ನೀವು ಗಮನಿಸಿರುವುದೇ ಇಲ್ಲಿ ಮುಖ್ಯವಾದ ಸುಳಿವು, ಏಕೆಂದರೆ ಈ ಎರಡು ತೊಂದರೆಗಳ ಕಾರಣಗಳು ಬೇರೆ ಬೇರೆ, ಪರಿಹಾರಗಳಂತೂ ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧ.

ಮೊದಲು ಮೊಸರಿನೊಳಗೆ ಏನಿದೆ ಎಂಬುದನ್ನು ನೋಡೋಣ. ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಸಣ್ಣ ಸಣ್ಣ ಕಣಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಆ ಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ಹಾಲು ಹಾಲಾಗಿಯೇ ಉಳಿಯುತ್ತದೆ. ಹೆಪ್ಪು ಹಾಕಿದಾಗ ಹುಳಿ ಏರುತ್ತಾ ಹೋಗಿ ಪಿಎಚ್ 4.6ರ ಸುಮಾರಿಗೆ ಬಂದಾಗ ಈ ತಳ್ಳುವಿಕೆ ನಿಂತು, ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿರುವುದರಿಂದಲೇ ಮೊಸರು ಗಟ್ಟಿ. ಬಲೆ ಕುಗ್ಗಿದರೆ ಅಥವಾ ಹರಿದರೆ ನೀರು ಹೊರಬರುತ್ತದೆ. ಹೀಗಾಗಿ ಲಸ್ಸಿ ಮಾಡುವವರು ಬಲೆಯನ್ನು ಉಳಿಸಿಕೊಳ್ಳಬೇಕು. ಮಜ್ಜಿಗೆ ಮಾಡುವವರು ಅದನ್ನು ಹರಿಯಲೇಬೇಕು, ಹರಿಯುವುದಾದರೆ ಚೆನ್ನಾಗಿಯೇ ಹರಿಯಬೇಕು.

ನಿಮ್ಮ ಲಸ್ಸಿಯನ್ನು ಹಾಳುಮಾಡುತ್ತಿರುವುದು ಮಿಕ್ಸಿ ಎಂದೇ ಹೇಳಬೇಕು. ಅದರ ಬ್ಲೇಡು ಬಲೆಯನ್ನು ಹರಿಯುವುದಲ್ಲದೆ ಗಾಳಿಯನ್ನೂ ಒಳಗೆ ತುಂಬುತ್ತದೆ. ಸಣ್ಣ ಗುಳ್ಳೆಗಳನ್ನು ಹಿಡಿದುಕೊಂಡ ಮೊಸರು ಹಗುರವಾಗಿ ಮೇಲೇರುತ್ತದೆ, ಭಾರವಾದ ತಿಳಿನೀರು ಕೆಳಗೆ ಇಳಿಯುತ್ತದೆ. ಮಾಡಿದ ಕೂಡಲೇ ಕಾಣುವ ಗಟ್ಟಿತನದಲ್ಲಿ ಒಂದು ಪಾಲು ಬರೀ ನೊರೆಯದು. ಲೋಟವನ್ನು ಬೆಳಕಿಗೆ ಹಿಡಿದು ನೋಡಿ: ಮೇಲಿನ ಬಿಳಿ ಭಾಗದಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಕಂಡರೆ ಕಾರಣ ಇದೇ. ಗುಳ್ಳೆಗಳ ಬದಲು ಬಿಳಿ ಅಥವಾ ತಿಳಿಹಳದಿ ಬಣ್ಣದ ಸಣ್ಣ ಹರಳುಗಳು ತೇಲುತ್ತಿದ್ದರೆ ಅದು ಬೆಣ್ಣೆ. ಎಮ್ಮೆ ಹಾಲಿನ ಮೊಸರನ್ನು, ಅದರಲ್ಲೂ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟಿದ್ದನ್ನು, ಮಿಕ್ಸಿಯಲ್ಲಿ ತಿರುಗಿಸಿದರೆ ಲಸ್ಸಿಯ ಬದಲು ಬೆಣ್ಣೆ ಕಡೆದಂತಾಗುತ್ತದೆ. ಪ್ಯಾಕೆಟ್ಟಿನ ಮೇಲೆ ಹೋಮೋಜಿನೈಸ್ಡ್ ಎಂದು ಬರೆದಿರುವ ಹಾಲಿನ ಮೊಸರಿನಲ್ಲಿ ಈ ಉಪದ್ರವ ಕಡಿಮೆ, ಏಕೆಂದರೆ ಅದರ ಕೊಬ್ಬಿನ ಹನಿಗಳನ್ನು ಮೊದಲೇ ತೀರ ಚಿಕ್ಕದಾಗಿ ಒಡೆದಿರುತ್ತಾರೆ.

ಎರಡನೆಯ ಕಾರಣ ಮೊಸರಿನಲ್ಲೇ ಇರಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ನೋಡುವುದು ರೂಢಿ. ಆದರೆ ಏಪ್ರಿಲ್ ತಿಂಗಳಿನಲ್ಲಿ ಹಾಲು ಐದಾರು ಗಂಟೆಗೇ ಹೆಪ್ಪುಗಟ್ಟಿರುತ್ತದೆ. ಉಳಿದ ಹೊತ್ತೆಲ್ಲ ಹುಳಿ ಏರುತ್ತಲೇ ಇರುತ್ತದೆ, ಬಲೆ ಬಿಗಿಯಾಗಿ ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತದೆ. ಪಾತ್ರೆಯ ಅಂಚಿನಿಂದ ಮೊಸರು ಬಿಟ್ಟುಕೊಂಡು ಸುತ್ತಲೂ ನೀರು ನಿಂತಿದ್ದರೆ ಅದು ಲಸ್ಸಿಗೆ ತಡವಾದ ಮೊಸರು. ಅದನ್ನು ಮಜ್ಜಿಗೆಗೋ ಮಜ್ಜಿಗೆಹುಳಿಗೋ ಎತ್ತಿಡುವುದು ಒಳ್ಳೆಯದು.

ಲಸ್ಸಿಗಾಗಿಯೇ ಮೊಸರು ಮಾಡುವುದಾದರೆ ಒಂದು ಲೀಟರ್ ಗಟ್ಟಿ ಹಾಲನ್ನು ಉಕ್ಕಿಸಿ ಇಳಿಸಿಬಿಡದೆ, ಉರಿ ಸಣ್ಣ ಮಾಡಿ ಇನ್ನೂ ಹತ್ತು ನಿಮಿಷ ಕೈಯಾಡಿಸುತ್ತಾ ಕಾಯಿಸಿ. ಇದು ನೀರು ಬತ್ತಿಸುವುದಕ್ಕಷ್ಟೇ ಮಾಡುವ ಕೆಲಸವಲ್ಲ. ಹೀಗೆ ಕಾದಾಗ ತಿಳಿನೀರಿನ ಜೊತೆ ಹೋಗಿಬಿಡುತ್ತಿದ್ದ ಇನ್ನೊಂದು ಬಗೆಯ ಪ್ರೋಟೀನು ಕೇಸಿನ್ ಕಣಗಳಿಗೆ ಅಂಟಿಕೊಳ್ಳುತ್ತದೆ. ಆಗ ಬಲೆ ಹೆಚ್ಚು ನಯವಾಗಿ, ಹೆಚ್ಚು ನೀರು ಹಿಡಿಯುವಂತೆ ಹೆಣೆದುಕೊಳ್ಳುತ್ತದೆ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗೆನಿಸುವಷ್ಟು, ಅಂದರೆ ಸುಮಾರು 42 ಡಿಗ್ರಿ ಸೆಲ್ಸಿಯಸ್ಸಿಗೆ ಆರಿದ ಮೇಲೆ ಒಂದು ಚಮಚ ತಾಜಾ ಹೆಪ್ಪು ಹಾಕಿ, ಅಲುಗಿಸದೆ ಇಡಿ. ಪಾತ್ರೆಯನ್ನು ವಾಲಿಸಿದಾಗ ಮೊಸರು ಒಂದೇ ಗಡ್ಡೆಯಾಗಿ ಅಂಚಿನಿಂದ ಬಿಟ್ಟರೆ ಸಾಕು. ಆ ಗಳಿಗೆಯಲ್ಲೇ ಫ್ರಿಜ್ಜಿಗೆ ಸೇರಿಸಿ, ನಾಲ್ಕೈದು ಗಂಟೆ ಬಿಡಿ. ತಂಪಿನಲ್ಲಿ ಹುಳಿಯಾಗುವುದು ಬಹಳ ನಿಧಾನವಾಗುತ್ತದೆ, ಮೊಸರೂ ಇನ್ನಷ್ಟು ಗಟ್ಟಿಯಾಗುತ್ತದೆ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕುವವರಿಗೆ ಇನ್ನೊಂದು ಅನುಕೂಲವಿದೆ: ಕುಡಿಕೆಯ ಗೋಡೆಯೇ ಸ್ವಲ್ಪ ನೀರನ್ನು ಹೀರಿಕೊಳ್ಳುತ್ತದೆ.

ಆ ಮೊಸರನ್ನು ತೆಳುವಾದ ಒದ್ದೆ ಪಂಚೆಯ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಲೋಟದ ತಳದಲ್ಲಿ ನಿಲ್ಲಬೇಕಾಗಿದ್ದ ನೀರು ಇಲ್ಲೇ ಇಳಿದುಹೋಗುತ್ತದೆ. ಅದನ್ನು ಚೆಲ್ಲದೆ ಚಪಾತಿ ಹಿಟ್ಟಿಗೆ ಬಳಸಬಹುದು. ನೂರು ಗ್ರಾಂ ಸಕ್ಕರೆಯನ್ನು ಪುಡಿಮಾಡಿ, ಅರ್ಧ ಲೋಟ ಕಾಯಿಸಿ ಆರಿಸಿದ ತಣ್ಣನೆ ಹಾಲಿನಲ್ಲಿ ಪೂರ್ತಿ ಕರಗಿಸಿಕೊಳ್ಳಿ. ಹರಳು ಸಕ್ಕರೆಯನ್ನು ನೇರವಾಗಿ ಮೊಸರಿಗೆ ಸುರಿದರೆ ಅದು ಕರಗಲು ಬೇಕಾದ ನೀರನ್ನು ಮೊಸರಿನಿಂದಲೇ ಎಳೆದುಕೊಳ್ಳುತ್ತದೆ, ಕರಗಿಸಲು ಬಹಳ ಹೊತ್ತು ತಿರುಗಿಸಬೇಕಾಗಿಯೂ ಬರುತ್ತದೆ. ನಂತರ ಮೊಸರಿಗೆ ಈ ಹಾಲನ್ನು ಸೇರಿಸಿ, ಕಡಗೋಲಿನಲ್ಲೋ ಕೈ ವಿಸ್ಕಿನಲ್ಲೋ ಗಂಟು ಕರಗುವಷ್ಟು ಮಾತ್ರ, ಮೆಲ್ಲಗೆ ತಿರುಗಿಸಿ ನಿಲ್ಲಿಸಿ. ಏಲಕ್ಕಿ, ಮೇಲೆ ಒಂದು ಚಮಚ ಕೆನೆ ನಿಮ್ಮ ಇಷ್ಟ. ಐಸು ಬೇಡ. ಮೊಸರೂ ಹಾಲೂ ತಣ್ಣಗಿದ್ದರೆ ಐಸಿನ ಅಗತ್ಯವಿರುವುದಿಲ್ಲ, ಹಾಕಿದ ಐಸು ಕರಗಿ ನೀರಾಗುವುದಂತೂ ಖಂಡಿತ. ಹೀಗೆ ಮಾಡಿದ ಲಸ್ಸಿ ಫ್ರಿಜ್ಜಿನಲ್ಲಿ ಕೆಲವು ಗಂಟೆ ಹಾಗೆಯೇ ನಿಲ್ಲುತ್ತದೆ. ಮರುದಿನಕ್ಕೆ ಸ್ವಲ್ಪ ನೀರು ಬಿಟ್ಟರೆ ಒಂದು ಸಲ ಕಲಕಿದರೆ ಸಾಕು.

ಇನ್ನು ಡ್ರಮ್ಮಿನ ಮಜ್ಜಿಗೆ. ನೀವು ಅಳತೆ ಬರೆದಿಲ್ಲ, ಆದರೆ ಹಂಚುವ ಮಜ್ಜಿಗೆಗೆ ಸಾಮಾನ್ಯವಾಗಿ ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಎಂದಿಟ್ಟುಕೊಳ್ಳೋಣ: 5 ಲೀಟರ್ ಮೊಸರು, 15 ಲೀಟರ್ ನೀರು. ಮೊಸರಿನಲ್ಲಿ ನೂರಕ್ಕೆ ಮೂರರಷ್ಟಿದ್ದ ಪ್ರೋಟೀನು ಈಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಇಷ್ಟು ಕಡಿಮೆ ಪ್ರೋಟೀನು ಇಡೀ ಡ್ರಮ್ಮನ್ನು ತುಂಬುವಂಥ ಬಲೆಯನ್ನು ಹೆಣೆಯಲಾರದು. ಹರಿದ ಬಲೆಯ ಚೂರುಗಳು ಮಾತ್ರ ತೆಳು ನೀರಿನಲ್ಲಿ ತೇಲುತ್ತಾ, ನೀರಿಗಿಂತ ಭಾರವಾದ್ದರಿಂದ ಮುಳುಗುತ್ತಾ ಹೋಗುತ್ತವೆ. ಆದ್ದರಿಂದ ಮನೆಯಲ್ಲಿ ಮಾಡಿದ ತೆಳು ಮಜ್ಜಿಗೆ ತಳ ಹಿಡಿಯುವುದನ್ನು ನಿಧಾನಿಸಬಹುದೇ ಹೊರತು ತಪ್ಪಿಸಲು ಸಾಧ್ಯವಿಲ್ಲ. ಅಂಗಡಿಯಲ್ಲಿ ಸಿಗುವ, ದಿನಗಟ್ಟಲೆ ಬೇರೆಯಾಗದ ಕೆಲವು ಪಾನೀಯಗಳ ಪ್ಯಾಕೆಟ್ಟಿನ ಮೇಲೆ ಪೆಕ್ಟಿನ್ ಅಥವಾ ಸ್ಟೆಬಿಲೈಸರ್ ಎಂದು ಬರೆದಿರುತ್ತದೆ. ಪೆಕ್ಟಿನ್ ಆ ಚೂರುಗಳ ಮೈಗೆ ಅಂಟಿಕೊಂಡು ಅವು ಒಂದಾಗದಂತೆ ತಡೆಯುತ್ತದೆ.

ನಿಧಾನಿಸುವ ದಾರಿ ಚೂರುಗಳನ್ನು ಸಣ್ಣದಾಗಿಸುವುದು. ಚೂರಿನ ಗಾತ್ರ ಅರ್ಧಕ್ಕಿಳಿದರೆ ಅದು ಮುಳುಗುವ ವೇಗ ಕಾಲು ಭಾಗಕ್ಕಿಳಿಯುತ್ತದೆ. ಲಸ್ಸಿಗೆ ಬೇಡವೆಂದ ಮಿಕ್ಸಿ ಇಲ್ಲಿ ಬೇಕು! ಮೊಸರಿಗೆ ಮೊದಲೇ ನೀರು ಸುರಿಯಬೇಡಿ, ತೆಳುವಾದ ಮೇಲೆ ಗಂಟುಗಳು ಬ್ಲೇಡಿಗೆ ಸಿಗದೆ ಜಾರಿಕೊಳ್ಳುತ್ತವೆ. ಗಟ್ಟಿ ಮೊಸರನ್ನೇ ಸ್ವಲ್ಪಸ್ವಲ್ಪವಾಗಿ ಚೆನ್ನಾಗಿ ಕಡೆದು, ಬೆಣ್ಣೆ ಬಂದರೆ ತೆಗೆದು, ನೀರನ್ನು ನಾಲ್ಕೈದು ಕಂತಿನಲ್ಲಿ ಬೆರೆಸಿ, ಕೊನೆಗೆ ಸಣ್ಣ ಜಾಲರಿಯಲ್ಲಿ ಸೋಸಿ. ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಕರಿಬೇವನ್ನು ನುಣ್ಣಗೆ ಅರೆದು, ಹುರಿದ ಜೀರಿಗೆ ಪುಡಿ, ಇಂಗು, 100 ಗ್ರಾಂ ಉಪ್ಪಿನ ಜೊತೆ ಸೇರಿಸಿದರೆ ರುಚಿಗೆ ಸರಿಹೋಗುತ್ತದೆ. ಮಸಾಲೆಯನ್ನು ಹಂಚುವ ಹೊತ್ತಿಗೆ ಹಾಕುವುದು ಲೇಸು, ಏಕೆಂದರೆ ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದ್ದು, ಬಹಳ ಹೊತ್ತು ನಿಂತರೆ ಮಜ್ಜಿಗೆ ಕಹಿಯಾಗಬಹುದು. ಒಗ್ಗರಣೆ ಕೊಡುವುದಾದರೆ ಪೂರ್ತಿ ಆರಿಸಿ ಹಾಕಿ. ಕಾದ ಎಣ್ಣೆ ಬಿದ್ದ ಕಡೆಯಲ್ಲಿ ಹುಳಿ ಮಜ್ಜಿಗೆ ಒಡೆದು ಹರಳುಹರಳಾಗುತ್ತದೆ, ಆ ಹರಳು ಮತ್ತೆ ಕರಗುವುದಿಲ್ಲ.

ಇನ್ನೊಂದು ದಾರಿ ನೀರನ್ನೇ ಸ್ವಲ್ಪ ಮಂದವಾಗಿಸುವುದು. ರಾಗಿ ಅಂಬಲಿಗೆ ಬೆರೆಸಿದ ಮಜ್ಜಿಗೆ ಬೇಗ ತಿಳಿಯಾಗದಿರುವುದನ್ನು ನೀವು ಕಂಡಿರುತ್ತೀರಿ. ಬೆಂದ ಹಿಟ್ಟಿನ ಪಿಷ್ಟ ನೀರನ್ನು ಮಂದಗೊಳಿಸಿ ಚೂರುಗಳು ಇಳಿಯುವುದನ್ನು ತಡೆಯುತ್ತದೆ. ಬಣ್ಣ ಬದಲಾಗಬಾರದೆಂದರೆ 100 ಗ್ರಾಂ ಅಕ್ಕಿ ಹಿಟ್ಟನ್ನು ಒಂದೂವರೆ ಲೀಟರ್ ನೀರಿನಲ್ಲಿ ಹಸಿ ವಾಸನೆ ಹೋಗುವವರೆಗೆ ಕುದಿಸಿ, ಆರಿಸಿ, ಸೋಸಿ 20 ಲೀಟರಿಗೆ ಬೆರೆಸಬಹುದು. ಇದರಿಂದ ಸಮಯ ಸಿಗುತ್ತದೆಯಷ್ಟೆ, ಪೆಕ್ಟಿನ್ ಹಾಕಿದಂತಾಗುವುದಿಲ್ಲ. ರಾಮನವಮಿಯ ಉಪವಾಸದಲ್ಲಿ ಅಕ್ಕಿ ಮುಟ್ಟದವರೂ ಸಾಲಿನಲ್ಲಿ ಇರುತ್ತಾರಾದ್ದರಿಂದ, ಹಾಕುವ ಮುನ್ನ ಅರ್ಚಕರನ್ನು ಕೇಳಿಕೊಳ್ಳುವುದು ಒಳಿತು. ಬೇಡವೆಂದರೆ ನೀರನ್ನು ಎರಡು ಪಾಲಿಗೆ ಇಳಿಸಿ.

ಡ್ರಮ್ಮಿನ ನಲ್ಲಿಯೂ ಇದರಲ್ಲಿ ಪಾಲುದಾರ. ತಳದ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ತಳಕ್ಕಿಳಿದ ಗಟ್ಟಿ ಭಾಗ. ಹೀಗಾಗಿ ಮುಂದೆ ನಿಂತವರಿಗೆ ಮೊಸರಿನಂಥದ್ದು, ಕೊನೆಗೆ ಬಂದವರಿಗೆ ಉಪ್ಪುನೀರಿನಂಥದ್ದು ಸಿಗುತ್ತದೆ. ಉದ್ದ ಹಿಡಿಯ ಸೌಟನ್ನು ಗೋಡೆಯ ಪಕ್ಕದಲ್ಲಿ ತಳದವರೆಗೂ ಇಳಿಸಿ, ಸುತ್ತ ತಿರುಗಿಸದೆ ಕೆಳಗಿನಿಂದ ಮೇಲಕ್ಕೆ ಎತ್ತೆತ್ತಿ ಕಲಕಬೇಕು. ಬರೀ ಸುತ್ತ ತಿರುಗಿಸಿದರೆ ತಳದ ಪದರ ಅಲ್ಲೇ ಉಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಮಾಡುವವರೊಬ್ಬರು ಡ್ರಮ್ಮಿನ ಬಳಿ ಇರಲಿ. 20 ಲೀಟರನ್ನೂ ಒಟ್ಟಿಗೆ ಬೆರೆಸಿಡುವ ಬದಲು ಕಡೆದ ಮೊಸರನ್ನು ತಂಪಿನಲ್ಲಿಟ್ಟು, ಐದೈದು ಲೀಟರಿನಂತೆ ಕುದಿಸಿ ಆರಿಸಿದ ನೀರನ್ನು ಬೆರೆಸಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ನೀಗುತ್ತದೆ.

ನಿಜವಾಗಿ ಕೆಟ್ಟ ಮಜ್ಜಿಗೆಯ ಗುರುತುಗಳು ಬೇರೆಯೇ ಇವೆ. ಕಡೆಯದೆಯೂ ಗುಳ್ಳೆ ಏಳುತ್ತಿದ್ದರೆ, ಹುಳಿಯ ಜೊತೆ ಸಾರಾಯಿಯಂಥ ವಾಸನೆ ಬರುತ್ತಿದ್ದರೆ, ಸೌಟು ಎತ್ತಿದಾಗ ಲೋಳೆಯಂತೆ ಎಳೆ ಬಂದರೆ ಅದನ್ನು ಹಂಚಬೇಡಿ. ಇವು ಯಾವುವೂ ಇಲ್ಲದೆ ಮೇಲೆ ತಿಳಿನೀರು ಮಾತ್ರ ನಿಂತಿದ್ದರೆ, ಆ ನೀರನ್ನು ಚೆಲ್ಲದೆ ಕಲಕಿ ಕೊಡಿ.