ಮನೆ ಖಾಲಿ ಮಾಡಿದ ಮೇಲೆ ಅಡ್ವಾನ್ಸ್ ಕೇಳುವುದು ಹೇಗೆ?

ತುಮಕೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದೆ. ಅಡ್ವಾನ್ಸ್ ಕೇಳಿದರೆ ಓನರ್ "ನೋಡೋಣ" ಅಂತಾರೆ. ಜಗಳ ಆಗದ ಹಾಗೆ ಏನಂತ ಮೆಸೇಜ್ ಹಾಕಲಿ?

"ಯಾವಾಗ ಕೊಡ್ತೀರಾ?" ಅಂದರೆ ಮತ್ತೆ ಅದೇ ಮಾತು ಬರುತ್ತೆ. ಲೆಕ್ಕ, ತಾರೀಕು ಎರಡನ್ನೂ ನೀವೇ ಹೇಳಿ:

"ನಮಸ್ಕಾರ ಸರ್. ಜೂನ್ 30ಕ್ಕೆ ಮನೆ ಖಾಲಿ ಮಾಡಿ ಕೀ ಕೊಟ್ಟಿದ್ದೇನೆ. ಕರೆಂಟ್, ನೀರಿನ ಬಿಲ್ ಕಟ್ಟಿದ ರಸೀದಿ ಜೊತೆಗಿದೆ. ಅಡ್ವಾನ್ಸ್ 60,000ದಲ್ಲಿ, ಕರಾರಿನಂತೆ ಪೇಂಟಿಂಗ್‌ಗೆ 8,000 ಕಳೆದು 52,000 ಬರಬೇಕು. ದಯವಿಟ್ಟು ಜುಲೈ 10ರೊಳಗೆ ಅಕೌಂಟಿಗೆ ಹಾಕಿ. ಬೇರೆ ಏನಾದರೂ ಹಿಡಿಯುವುದಿದ್ದರೆ ಬಿಲ್ ಸಮೇತ ತಿಳಿಸಿ."

ಪೇಂಟಿಂಗ್ ವಿಷಯ ಕರಾರಿನಲ್ಲಿ ಇಲ್ಲದಿದ್ದರೆ ಆ ಮಾತು ಬಿಡಿ. ಸುಮ್ನೆ ನೀವಾಗಿಯೇ ಒಪ್ಪಿಕೊಂಡ ಹಾಗಾಗುತ್ತೆ. ವಾಪಸ್ ಕೊಡುವ ಗಡುವು ಅದರಲ್ಲಿ ಬರೆದಿದ್ದರೆ ಆ ತಾರೀಕನ್ನೇ ಹಾಕಿ. ಫೋನಿನಲ್ಲಿ ಮಾತಾಡಿದ್ದರೂ ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಮುಂದೆ ತಕರಾರು ಬಂದರೆ ಬರಹದಲ್ಲಿ ಇರುವುದೇ ಸಾಕ್ಷಿ.