ಕೊಳ್ಳುವ ಮುಂಚೆಯೇ ರಿಟರ್ನ್ ವಿಭಾಗಕ್ಕೆ ಬರೆದು ನೋಡಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಟೇಬಲ್ ಟಾಪ್ ವೆಟ್ ಗ್ರೈಂಡರ್ ಹುಡುಕುತ್ತಿದ್ದೆ. ಹೆಸರೇ ಕೇಳದ ಒಂದು ವೆಬ್‌ಸೈಟ್‌ನಲ್ಲಿ ನಮ್ಮೂರ ಅಂಗಡಿಗಿಂತ ಸಾವಿರದೈನೂರು ರೂಪಾಯಿ ಕಡಿಮೆಗೆ ಇದೆ. ‘24 ಗಂಟೆ ಸಹಾಯ, 7 ದಿನದಲ್ಲಿ ವಾಪಸ್’ ಅಂತ ಹಾಕಿದ್ದಾರೆ. ಚಾಟ್‌ನಲ್ಲಿ ಕೇಳಿದ ತಕ್ಷಣ ‘ಹೌದು ಮೇಡಂ, 100% ಒರಿಜಿನಲ್’ ಅಂತ ಉತ್ತರ ಬಂತು. ಇಷ್ಟು ಚುರುಕಾಗಿ ಮಾತಾಡುವವರನ್ನು ನಂಬಬಹುದಾ? — ಒಬ್ಬ ಓದುಗಿ, ಶಿರಸಿ

ಸಂಪಾದಕರ ಉತ್ತರ: ನಮಸ್ಕಾರ. ನೀವು ಕಂಡದ್ದು ಅವರ ಮಾರಾಟದ ಚುರುಕು. ಮಾರಬೇಕು ಅನ್ನುವವರೆಲ್ಲ ಬೇಗ ಉತ್ತರ ಕೊಡುತ್ತಾರೆ, ಮೋಸಗಾರರಂತೂ ಇನ್ನೂ ಬೇಗ. ಗ್ರೈಂಡರ್ ಕಲ್ಲು ಒಡೆದು ಮನೆಗೆ ಬಂದ ದಿನ ಇವರು ನಿಮ್ಮ ಜೊತೆ ಮಾತಾಡುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ದುಡ್ಡು ಕೊಡುವ ಮುಂಚೆಯೇ ತಕ್ಕ ಮಟ್ಟಿಗೆ ಪರೀಕ್ಷಿಸಬಹುದು.

ಮೊದಲು ಆ ಚಾಟ್. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು ಅದೇ ಸೈಟಿಗೆ ಹೊಸಬರ ಹಾಗೆ ಹೋಗಿ. ಕೆಲವು ಸೆಕೆಂಡಿಗೆ ಅದೇ ಹೆಸರು, ಅದೇ ಫೋಟೋ, ಅದೇ ‘ನಮಸ್ತೆ, ಏನು ಸಹಾಯ ಬೇಕು?’ ಬಂದರೆ ಅದು ಮೊದಲೇ ಬರೆದಿಟ್ಟ ಸಾಲು. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಕಂಪನಿಗಳೂ ಹಾಗೇ ಮಾಡುತ್ತವೆ. ಆದರೆ ಅದನ್ನು ಮನುಷ್ಯರ ಉತ್ತರ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ‘ಒರಿಜಿನಲ್ಲಾ?’ ಅಂತ ಕೇಳಿದರೆ ‘ಹೌದು’ ಬಿಟ್ಟು ಇನ್ನೇನು ಬರುತ್ತೆ, ಅಲ್ವಾ? ಗ್ರೈಂಡರ್ ಕಣ್ಣೆದುರು ಇರುವವರು ಮಾತ್ರ ಉತ್ತರಿಸಬಲ್ಲ ಪ್ರಶ್ನೆ ಕೇಳಬೇಕು. ಉದಾಹರಣೆಗೆ ಹೀಗೆ ಬರೆಯಿರಿ:

“ಗ್ರೈಂಡರ್‌ನ ತಳದಲ್ಲೋ ಹಿಂಬದಿಯಲ್ಲೋ ವಾಟ್, ವೋಲ್ಟ್, ಮಾಡೆಲ್ ನಂಬರ್ ಬರೆದ ಲೇಬಲ್ ಇರುತ್ತದಲ್ಲ, ಅದರ ಫೋಟೋ ಕಳಿಸ್ತೀರಾ? ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಡಿ.”

ಸರಕು ಕೈಯಲ್ಲಿರುವ ಅಂಗಡಿಗೆ ಇದು ಐದು ನಿಮಿಷದ ಕೆಲಸ. ‘ಗೋಡೌನ್‌ನವರನ್ನು ಕೇಳಿ ನಾಳೆ ಕಳಿಸ್ತೀವಿ’ ಅಂದು ನಾಳೆ ಕಳಿಸಿದರೂ ಸರಿ. ಸೈಟಿನಲ್ಲಿರುವ ಫೋಟೋವನ್ನೇ ಮತ್ತೆ ಕಳಿಸಿದರೆ, ಅಥವಾ ‘ಮೇಡಂ, ಆಫರ್ ಇವತ್ತು ರಾತ್ರಿ ಮುಗಿಯುತ್ತೆ’ ಅಂತ ಮಾತು ತಿರುಗಿಸಿದರೆ, ಅವರ ಹತ್ತಿರ ಗ್ರೈಂಡರ್ ಇಲ್ಲ ಅಂತಲೇ ನಾನು ತಿಳಿಯುತ್ತೇನೆ. ಎಲ್ಲಿಂದಲೋ ತರಿಸಿ ಕೊಡುವವರಾಗಿರಬಹುದು, ಅಥವಾ ಕೊಡದೇ ಇರುವವರು.

ಇನ್ನು ಸಂಪರ್ಕ ಫಾರ್ಮ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ, ಜನ ಬಿಟ್ಟುಬಿಡುವುದೂ ಇದನ್ನೇ. ಫಾರ್ಮ್‌ನಲ್ಲಿ ವಿಷಯ ಆರಿಸುವ ಪಟ್ಟಿ ಇದ್ದರೆ ‘ಸೇಲ್ಸ್’ ಒತ್ತಬೇಡಿ. ‘ರಿಟರ್ನ್’ ಅಥವಾ ‘ದೂರು’ ಆರಿಸಿ. ನಾಳೆ ತೊಂದರೆಯಾದರೆ ನಿಮ್ಮ ಪತ್ರ ಹೋಗುವುದು ಆ ಸಾಲಿಗೇ. ಇನ್ನೂ ಕೊಂಡಿಲ್ಲ ಅಂತ ನೇರವಾಗಿ ಹೇಳಿ, ಸುಳ್ಳು ಆರ್ಡರ್ ನಂಬರ್ ಬೇಡ. ಕಲ್ಲು ಅಥವಾ ಡ್ರಮ್ ಒಡೆದು ಬಂದರೆ ವಾಪಸ್ ಕಳಿಸುವ ಕೊರಿಯರ್ ಖರ್ಚು ಯಾರದ್ದು, ಯಾವ ಊರಿನ ವಿಳಾಸಕ್ಕೆ ಕಳಿಸಬೇಕು, ದುಡ್ಡು ಖಾತೆಗೆ ಬರುತ್ತಾ ಇಲ್ಲಾ ಕೂಪನ್ ಕೊಡ್ತೀರಾ, ಈ ಮೂರನ್ನೇ ಕೇಳಿ. ಗ್ರೈಂಡರ್ ಎಂದರೆ ಕಲ್ಲಿನ ಭಾರ. ಶಿರಸಿಯಿಂದ ವಾಪಸ್ ಕಳಿಸುವ ಖರ್ಚು ನಿಮ್ಮ ತಲೆಗೆ ಬಂದರೆ ಉಳಿತಾಯದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಇದನ್ನು ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಕಳಿಸಿ. ಭಾನುವಾರ ಕಳಿಸಿ ‘ಉತ್ತರ ಬರಲಿಲ್ಲ’ ಅನ್ನುವುದು ನ್ಯಾಯವಲ್ಲ. ಸೆಂಡ್ ಒತ್ತಿದ ಮೇಲೆ ಏನಾಗುತ್ತದೆ ನೋಡಿ. ಪುಟ ಸುಮ್ನೆ ಹೊಸದಾಗಿ ತೆರೆದುಕೊಂಡು, ನೀವು ಬರೆದದ್ದು ಮಾಯವಾಗಿ, ಮೇಲ್‌ಗೆ ಏನೂ ಬರದಿದ್ದರೆ ಆ ಫಾರ್ಮ್ ಯಾರಿಗೂ ತಲುಪುತ್ತಿಲ್ಲದಿರಬಹುದು. ಅಂಗಡಿ ಪ್ರಾಮಾಣಿಕವೇ ಆಗಿದ್ದು ಫಾರ್ಮ್ ಮಾತ್ರ ಕೆಟ್ಟಿರುವುದೂ ಉಂಟು. ಹಾಗಾಗಿ ಸೈಟಿನಲ್ಲಿರುವ ಇಮೇಲ್‌ಗೂ ಒಮ್ಮೆ ಬರೆದು, ಎರಡು ಕೆಲಸದ ದಿನ ಕಾಯಿರಿ. ಫಾರ್ಮ್‌ನಲ್ಲಿ ಆಧಾರ್, ಕಾರ್ಡ್ ನಂಬರ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಪ್ರಶ್ನೆ ಕೇಳಲು ಅವು ಬೇಕಿಲ್ಲ.

ಉತ್ತರ ಬಂದರೆ ಕಳಿಸಿದವರ ವಿಳಾಸ ನೋಡಿ. ಜಿಮೇಲ್‌ನಲ್ಲಿ ಹೆಸರಿನ ಕೆಳಗಿನ ಸಣ್ಣ ಬಾಣ ಒತ್ತಿದರೆ mailed-by, signed-by ಅಂತ ಸಾಲುಗಳು ಕಾಣುತ್ತವೆ. ಅಲ್ಲಿ ಸೈಟಿನ ಹೆಸರೇ ಇದ್ದರೆ ಮೇಲ್ ಆ ಸೈಟಿನವರದ್ದೇ ಅನ್ನಲು ಒಂದು ಆಧಾರ. ದೂರು ನೋಡುವ ಸೇವೆ ಒದಗಿಸುವ ಬೇರೆ ಕಂಪನಿಯ ಹೆಸರೂ ಇರಬಹುದು, ಅದು ಮಾಮೂಲಿ. ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವವರು ಉಚಿತ ಜಿಮೇಲ್‌ನಿಂದ ಬರೆದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ‘ದೇಶದಾದ್ಯಂತ 24 ಗಂಟೆ ಸಹಾಯ’ ಅನ್ನುವವರು ಹಾಗೆ ಬರೆದರೆ ಅನುಮಾನ ಪಡುತ್ತೇನೆ. ಆ ಉತ್ತರಕ್ಕೆ ನೀವೂ ಒಂದು ಸಾಲು ಮರುಉತ್ತರ ಹಾಕಿ. ಮೇಲ್ ತಿರುಗಿ ಬಂದರೆ ಅವರ ಕಡೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ.

ಈಗ ಅವರ ಮಾತನ್ನು ಅವರದೇ ರಿಟರ್ನ್ ಪುಟದ ಪಕ್ಕ ಇಟ್ಟು ಓದಿ. ಮುಖಪುಟದಲ್ಲಿ ‘7 ದಿನದಲ್ಲಿ ವಾಪಸ್’ ಇರುತ್ತದೆ. ಒಳಗೆ ‘ಪೆಟ್ಟಿಗೆ ಬಿಚ್ಚುವ ವಿಡಿಯೋ ಕಡ್ಡಾಯ’, ‘ಕೊರಿಯರ್ ಖರ್ಚು ಗ್ರಾಹಕರದ್ದು’, ‘ಬದಲಿ ವಸ್ತು ಮಾತ್ರ, ಹಣ ಇಲ್ಲ’ ಅಂತ ಇರುತ್ತದೆ. ಚಾಟ್‌ನವರು ಬೇರೆ ಹೇಳಿದರೆ ‘ಇದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ’ ಅನ್ನಿ. ಆ ಪುಟದ ಒಂದು ಉದ್ದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿಯೂ ನೋಡಿ. ಎಷ್ಟೋ ಸಲ ಪುಟವನ್ನೇ ಬೇರೆಲ್ಲಿಂದಲೋ ಎತ್ತಿರುತ್ತಾರೆ, ಹಳೆಯ ಅಂಗಡಿಯ ಹೆಸರೂ ಹಾಗೇ ಉಳಿದಿರುತ್ತದೆ.

ನಮ್ಮಲ್ಲಿ ಇದಕ್ಕೆ ಕಾನೂನಿನ ಅಳತೆಯೂ ಇದೆ. ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳು, 2020ರ ಪ್ರಕಾರ ಆನ್‌ಲೈನ್ ಅಂಗಡಿ ತನ್ನ ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಸೈಟಿನಲ್ಲಿ ಹಾಕಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು ಸೈಟಿನಲ್ಲಿ ಎಲ್ಲೂ ಸಿಗದಿದ್ದರೆ, ಅದನ್ನೇ ಚಾಟ್‌ನಲ್ಲಿ ಕೇಳಿ.

ಜೊತೆಗೆ ಬಿಲ್ ಯಾರ ಹೆಸರಲ್ಲಿ ಬರುತ್ತೆ, ಜಿಎಸ್‌ಟಿ ನಂಬರ್ ಏನು ಅಂತಲೂ ಕೇಳಿ. ಅದರಲ್ಲಿ 15 ಅಕ್ಷರ ಮತ್ತು ಅಂಕಿ ಇರುತ್ತವೆ, ಮೊದಲ ಎರಡು ರಾಜ್ಯದ ಗುರುತು: ಕರ್ನಾಟಕ 29, ತಮಿಳುನಾಡು 33, ದೆಹಲಿ 07. ‘ಕೊಯಮತ್ತೂರಿನ ಫ್ಯಾಕ್ಟರಿಯಿಂದ ನೇರ’ ಅಂದವರ ನಂಬರ್ 07ರಿಂದ ಶುರುವಾದರೆ ಯಾಕೆ ಅಂತ ಕೇಳಬೇಕು. ಜಿಎಸ್‌ಟಿ ಪೋರ್ಟಲ್‌ನ Search Taxpayer ಪುಟದಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಕಾಣುತ್ತದೆ. ಬೇರೆಯವರ ನಂಬರ್ ಕದ್ದು ಹಾಕುವವರೂ ಇದ್ದಾರೆ, ಆದ್ದರಿಂದ ಹೆಸರು ಹೊಂದುತ್ತಾ ನೋಡಿ.

ಇಷ್ಟೆಲ್ಲ ಸರಿಬಂದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಮಾರುವ ಮುಂಚೆ ಚೆನ್ನಾಗಿ ಮಾತಾಡಿ ಆಮೇಲೆ ಸುಮ್ಮನಾಗುವವರನ್ನು ಯಾವ ಪರೀಕ್ಷೆಯೂ ಪೂರ್ತಿ ಹಿಡಿಯಲಾರದು. ಅದಕ್ಕೇ ಚಾಟ್, ಮೇಲ್, ರಿಟರ್ನ್ ಪುಟ ಎಲ್ಲದರ ಪ್ರತಿಯನ್ನು ತಾರೀಖು ಕಾಣುವಂತೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಬೇಕಾಗುವುದು ಅವೇ. ಚಾಟ್‌ನವರು ವಾಟ್ಸ್‌ಆ್ಯಪ್‌ಗೆ ಎಳೆದು, ವ್ಯಕ್ತಿಯೊಬ್ಬರ ಹೆಸರಿನ ಕ್ಯೂಆರ್ ಕೋಡ್ ಕಳಿಸಿ ‘ಇಲ್ಲಿ ಹಾಕಿದರೆ ಇನ್ನೂ ಡಿಸ್ಕೌಂಟ್’ ಅಂದರೆ ಮಾತು ಮುಂದುವರಿಸಬೇಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಈ ಸೋಮವಾರ ಲೇಬಲ್ ಫೋಟೋ ಕೇಳಿ, ರಿಟರ್ನ್ ವಿಭಾಗಕ್ಕೂ ಬರೆಯಿರಿ. ಬುಧವಾರ ಸಂಜೆಯೊಳಗೆ ಎರಡಕ್ಕೂ ಸರಿಯಾದ ಉತ್ತರ ಬಂದರೆ ಕೊಳ್ಳಬಹುದು. ಬರದಿದ್ದರೆ ಆ ಸಾವಿರದೈನೂರು ಜಾಸ್ತಿ ಕೊಟ್ಟು ನಿಮ್ಮೂರಲ್ಲೇ ತೆಗೆದುಕೊಳ್ಳಿ.