ಹಾಜರಿ ಪುಸ್ತಕದ ಫೋಟೊದಿಂದ ವಾರದ ಗಂಟೆ ಲೆಕ್ಕ

ಸೈಟಿನ ಮೇಸ್ತ್ರಿ ಹಾಜರಿ ಪುಸ್ತಕದ ಫೋಟೊ ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಬಂದ ಟೈಮ್, ಹೋದ ಟೈಮ್ ಕೈಯಲ್ಲಿ ಬರೆದಿರುತ್ತೆ. ಒಬ್ಬೊಬ್ಬರದು ವಾರಕ್ಕೆ ಎಷ್ಟು ಗಂಟೆ ಅಂತ ತೆಗೆಯೋದು ಹೇಗೆ?

ಮೊದಲು ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಆಮೇಲೆ 1 ಯಾವುದು 7 ಯಾವುದು ಗೊತ್ತಾಗುವುದಿಲ್ಲ. ಹತ್ತು-ಹದಿನೈದು ಜನರ ಪಟ್ಟಿಯಾದರೆ ಕೈಯಾರೆ ಟೈಪ್ ಮಾಡುವುದೇ ವಾಸಿ. ಫೋಟೊದಿಂದ ಅಕ್ಷರ ಎತ್ತುವ ಆ್ಯಪ್‌ಗಳು ಗೀಚು ಬರಹದಲ್ಲಿ ಸಾಲು ತಪ್ಪಿಸುತ್ತವೆ, ತಿದ್ದಲು ಇನ್ನೂ ಹೊತ್ತು ಹಿಡಿಯುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಒಬ್ಬರ ಒಂದು ದಿನಕ್ಕೆ ಒಂದು ಸಾಲು: A ತಾರೀಖು, B ಹೆಸರು, C ಬಂದದ್ದು, D ಹೋದದ್ದು, E ಊಟದ ಬಿಡುವು (ಗಂಟೆಯಲ್ಲಿ). ಬಾರದ ದಿನಕ್ಕೆ ಸಾಲೇ ಬೇಡ. ಇಬ್ಬರು ಮಂಜ ಇದ್ದರೆ ‘ಮಂಜ ಗಾರೆ’, ‘ಮಂಜ ಸೆಂಟ್ರಿಂಗ್’ ಅಂತ ಬೇರೆ ಮಾಡಿ.

```
F2: =ROUND(MOD(D2-C2,1)*24-E2,2)
G2: =A2-WEEKDAY(A2)+1
```

F ಅಂದರೆ ಗಂಟೆ. G ಆ ವಾರದ ಭಾನುವಾರದ ತಾರೀಖು, ಶನಿವಾರ ಬಟವಾಡೆ ಮಾಡುವವರಿಗೆ ಇದು ಹೊಂದುತ್ತದೆ. ಎರಡೂ ಕಾಲಂಗಳನ್ನು ಕೆಳಗೆ ಎಳೆದು, ಪಿವಟ್ ಟೇಬಲ್‌ನಲ್ಲಿ ಸಾಲಿಗೆ B, ಕಾಲಂಗೆ G, ಮೌಲ್ಯಕ್ಕೆ F ಮೊತ್ತ ಹಾಕಿದರೆ ಪಟ್ಟಿ ಸಿದ್ಧ.

ಕೆಡುವುದು ಟೈಮ್ ಬರೆಯುವುದರಲ್ಲೇ. ಪುಸ್ತಕದ 5.30 ಅನ್ನು ಹಾಗೇ ಚುಕ್ಕೆ ಇಟ್ಟು ಹೊಡೆದರೆ ಶೀಟ್‌ಗೆ ಅದು ಬರೀ ಐದು ಚಿಲ್ಲರೆ ಸಂಖ್ಯೆ, ಟೈಮ್ ಅಲ್ಲ. 17:30 ಎಂದೇ ಹೊಡೆಯಬೇಕು. ಒಬ್ಬಾಕೆಯ ವಾರ ನೋಡಿ:

ಸೋಮ, ಮಂಗಳ 8:30–17:30, ಬಿಡುವು 1: ತಲಾ 8
ಬುಧ 8:30–19:30, ಬಿಡುವು 1: 10
ಗುರು 8:30–13:00, ಬಿಡುವು 0: 4.5
ಶುಕ್ರ ಸ್ಲ್ಯಾಬ್ 14:00–1:00, ಬಿಡುವು 1: 10

ಒಟ್ಟು 40.5. ಶುಕ್ರವಾರದ ಕೆಲಸ ಮಧ್ಯರಾತ್ರಿ ದಾಟಿದರೂ ಲೆಕ್ಕ ಸರಿಬರುವುದು MOD ನಿಂದ. ಆದರೆ ಅದೇ MOD ತಪ್ಪನ್ನೂ ನುಂಗಿಬಿಡುತ್ತದೆ: ಗುರುವಾರ 13:00 ಬದಲು 1:00 ಹೊಡೆದರೆ ಏನೂ ಎರರ್ ತೋರಿಸದೆ 16.5 ಗಂಟೆ ಕೊಡುತ್ತದೆ. ಅದಕ್ಕೇ F ಕಾಲಂಗೆ 12 ಮೀರಿದರೆ ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿ, ಕೆಂಪಾದದ್ದನ್ನೆಲ್ಲ ಫೋಟೊ ಜೊತೆ ತಾಳೆ ನೋಡಿ. ರಾತ್ರಿ ಪಾಳಿಯನ್ನು ಶುರುವಾದ ತಾರೀಖಿಗೇ ಬರೆಯಿರಿ. ಶನಿವಾರ ರಾತ್ರಿಯ ಸ್ಲ್ಯಾಬ್ ಆಗ ಎರಡು ವಾರಕ್ಕೆ ಹರಿದುಹೋಗುವುದಿಲ್ಲ.

ಮೇಸ್ತ್ರಿ ದಿನದ ಕೊನೆಗೆ ಆಳುಗಳ ಸಂಖ್ಯೆ ಬರೆದಿದ್ದರೆ ಅದನ್ನು ನಿಮ್ಮ ಸಾಲುಗಳ ಜೊತೆ ಹೋಲಿಸಿ. ಮೇಲಿನಂತೆಯೇ ಎಂದು ಹಾಕುವ ಗುರುತು (〃) ಇರುವ ಸಾಲುಗಳು ಬಿಟ್ಟುಹೋಗಿದ್ದರೆ ಅಲ್ಲೇ ಸಿಗುತ್ತವೆ. ಟೈಮ್ ಬದಲು ಬರೀ ‘1½’ ಅಂತಿದ್ದರೆ ಎಂಟರಿಂದ ಗುಣಿಸಿ 12 ಗಂಟೆ ಅಂದುಕೊಳ್ಳಬೇಡಿ. ಸ್ಲ್ಯಾಬ್ ದಿನ ಹತ್ತು ಗಂಟೆ ದುಡಿದವರಿಗೂ ಒಂದೂವರೆ ಹಾಜರಿ ಕೊಡುವುದುಂಟು, ಅದು ಕೂಲಿಯ ಲೆಕ್ಕ. ಅಂಥ ಸಾಲಿಗೆ ಮೇಸ್ತ್ರಿಯನ್ನೇ ಕೇಳಿ ಟೈಮ್ ತುಂಬಿ.